ಅವರ ಬರಹದ ಕೆಳಗೆ ಮೂರು ಸಾಲು

ಒಂದು ಕಾದಂಬರಿ ಓದಿ ಮುಗಿಸಿದವರು, ಅದು ಮನಸ್ಸಿನಲ್ಲಿ ಇನ್ನೂ ಹಸಿಯಾಗಿರುವಾಗಲೇ ನಾಲ್ಕು ಮಾತು ಬರೆದಿಟ್ಟರೆ, ಅದನ್ನು ಓದಿದ ಮತ್ತೊಬ್ಬ ಓದುಗನಿಗೆ ಥಟ್ಟನೆ ಹೊಳೆಯುವುದು ಇನ್ನೊಂದು ಪುಸ್ತಕ. ‘ಇದೇ ತರಹದ್ದು ಇನ್ನೊಂದು ಇದೆಯಲ್ಲ, ಅದನ್ನೂ ಓದಿ’ ಎಂದು ಹೇಳದಿದ್ದರೆ ಸಮಾಧಾನವಿಲ್ಲ. ಈ ಆಸೆ ಒಳ್ಳೆಯದೇ. ಕನ್ನಡದ ಎಷ್ಟೋ ಪುಸ್ತಕಗಳು ಜಾಹೀರಾತಿನಿಂದಲ್ಲ, ಹೀಗೆ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದರಿಂದಲೇ ಊರಿಂದ ಊರಿಗೆ ಹೋಗಿವೆ. ಆದರೆ ಅದೇ ಮಾತು ಒಮ್ಮೊಮ್ಮೆ ಬರೆದವರ ಮಾತನ್ನೇ ಮುಚ್ಚಿಬಿಡುತ್ತದೆ. ಹಾಗಾಗದಂತೆ ಹೇಳುವುದು ಹೇಗೆ ಎಂಬುದನ್ನು ನಾನು ಕಲಿತದ್ದು ನಮ್ಮ ಚೋರನೂರಿನ ಒಂದು ನೋಟ್‌ಬುಕ್ಕಿನಿಂದ.

ನಮ್ಮಲ್ಲಿ ಹೊಸ ಕಾದಂಬರಿ ಬೇಕೆಂದರೆ ಹೊಸಪೇಟೆಗೋ ಬಳ್ಳಾರಿಗೋ ಹೋಗುವವರ ಕೈಗೆ ದುಡ್ಡು ಕೊಟ್ಟು ತರಿಸಬೇಕು. ಬಂದ ಒಂದೇ ಪ್ರತಿ ಹತ್ತಾರು ಮನೆ ತಿರುಗುತ್ತದೆ. ಅದರ ಜೊತೆಗೆ ಉದ್ದನೆಯ ಗೆರೆ ಹಾಕಿದ ಒಂದು ನೋಟ್‌ಬುಕ್ಕೂ ತಿರುಗುತ್ತದೆ. ಓದಿದವರು ಒಂದು ಹಾಳೆಯ ಮೇಲ್ಭಾಗದಲ್ಲಿ ಪುಸ್ತಕದ ಹೆಸರು ಬರೆದು, ತಮಗೆ ಅನಿಸಿದ್ದನ್ನು ಬರೆದು, ಕೆಳಗೆ ಜಾಗ ಬಿಡುತ್ತಾರೆ. ಆಮೇಲೆ ಓದಿದವರು ಆ ಜಾಗದಲ್ಲಿ ತಮ್ಮ ಮಾತು ಸೇರಿಸುತ್ತಾರೆ. ಶಾಲೆಯ ಮೇಷ್ಟ್ರು, ಗಣಿಯ ಲಾರಿ ಓಡಿಸುವವರು, ಡಿಗ್ರಿ ಓದುವ ಹುಡುಗಿಯರು, ಶೇಂಗಾ ಬಿಡಿಸುತ್ತಲೇ ಕತೆ ಕೇಳುವ ಅಜ್ಜಿಯ ಪರವಾಗಿ ಬರೆಯುವ ಮೊಮ್ಮಗ, ಎಲ್ಲರ ಅಕ್ಷರವೂ ಅದರಲ್ಲಿದೆ.

ಆ ನೋಟ್‌ಬುಕ್ಕಿನ ಒಂದು ಹಾಳೆ ನನಗೆ ಪಾಠವಾಯಿತು. ಪುಸ್ತಕ ವಸುಧೇಂದ್ರರ ‘ತೇಜೋ ತುಂಗಭದ್ರಾ’. 2019ರಲ್ಲಿ ಬಂದ ಕಾದಂಬರಿ. ಬರೆದವರು ನಮ್ಮ ತಾಲ್ಲೂಕಿನವರೇ, ಸಂಡೂರಿನವರು. ಆದ್ದರಿಂದ ನಮ್ಮ ಕಡೆ ಅದನ್ನು ಓದದವರೂ ಅದರ ಬಗ್ಗೆ ಎರಡು ಮಾತಾಡುತ್ತಾರೆ. ಐನೂರು ವರ್ಷಗಳ ಹಿಂದಿನ ಕತೆ. ಲಿಸ್ಬನ್ನಿನ ತೇಜೋ ನದಿಯ ದಂಡೆಯಲ್ಲಿ ಗೇಬ್ರಿಯಲ್ ಮತ್ತು ಯೆಹೂದಿ ಹುಡುಗಿ ಬೆಲ್ಲಾ, ಇತ್ತ ತುಂಗಭದ್ರೆಯ ದಂಡೆಯಲ್ಲಿ ಹಂಪಮ್ಮ ಮತ್ತು ಕೇಶವ. ರಾಜರ ಯುದ್ಧ, ಧರ್ಮ, ವ್ಯಾಪಾರಗಳ ನಡುವೆ ಸಿಕ್ಕ ಸಾಮಾನ್ಯ ಜನರ ಬದುಕು.

ಡಿಗ್ರಿ ಓದುವ ಹುಡುಗಿಯೊಬ್ಬಳು ಅದರ ಬಗ್ಗೆ ಬರೆದಿದ್ದಳು. ಅವಳ ಮಾತಿನ ಸಾರ ಇಷ್ಟು. ಹಂಪಿಯ ವೈಭವ ನಮಗೆ ಗೊತ್ತಿದ್ದದ್ದೇ, ಅದರಲ್ಲಿ ತನಗೆ ಹೊಸದೇನೂ ಅನಿಸಲಿಲ್ಲ. ತನ್ನನ್ನು ಕಾಡಿದವಳು ಬೆಲ್ಲಾ. ದೇವರನ್ನು ಬದಲಿಸಿದರೆ ಮಾತ್ರ ಈ ಊರಲ್ಲಿ ಇರಬಹುದು ಎಂದರೆ ಒಂದು ಕುಟುಂಬ ಏನು ಮಾಡಬೇಕು, ಬಿಟ್ಟು ಹೋದರೆ ಜೊತೆಗೆ ಏನನ್ನು ಒಯ್ಯಬಹುದು, ಏನನ್ನು ಒಯ್ಯಲಾಗುವುದಿಲ್ಲ. ಕೊನೆಯಲ್ಲಿ ಎರಡು ಸಾಲು: ತನ್ನ ಅಜ್ಜಿಯ ಊರು ತುಂಗಭದ್ರಾ ಅಣೆಕಟ್ಟಿನ ನೀರಲ್ಲಿ ಮುಳುಗಿದ್ದು, ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜಿ ಹೊಸಪೇಟೆ ಕಡೆ ಮುಖ ಮಾಡಿ ಕೂರುತ್ತಿದ್ದದ್ದು, ಈ ಪುಸ್ತಕ ಓದುವಾಗ ನೆನಪಾಯಿತು ಎಂದು.

ಅದರ ಕೆಳಗೆ ನಿವೃತ್ತ ಮೇಷ್ಟ್ರೊಬ್ಬರು ಬರೆದರು. ತುಂಬ ಓದಿದವರು, ಪ್ರೀತಿಯಿಂದಲೇ ಬರೆದರು. ‘ವಿಜಯನಗರದ ಬಗ್ಗೆ ಓದಬೇಕೆಂದರೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನನ್ನು ಓದು’ ಎಂದು ಶುರುವಾಯಿತು. ಪಾಯೆಸ್ ಬಂದದ್ದು ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ. ಅವನ ಮತ್ತು ನ್ಯೂನಿಜ್‌ನ ಬರಹಗಳನ್ನು ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಮೇಷ್ಟ್ರು ಬರೆದದ್ದರಲ್ಲಿ ಒಂದೂ ತಪ್ಪಿಲ್ಲ. ಅಲ್ಲಿಂದ ಮುಂದೆ 1565ರ ಯುದ್ಧ, ಅಲ್ಲಿಂದ ಗಿರೀಶ ಕಾರ್ನಾಡರ ‘ರಾಕ್ಷಸ ತಂಗಡಿ’, ಅಲ್ಲಿಂದ ಅಳಿಯ ರಾಮರಾಯ. ಹಾಳೆ ತುಂಬಿತು. ಹಿಂಬದಿಗೂ ಹೋಯಿತು. ಅದರ ಕೆಳಗೆ ಬರೆದ ಮೂವರೂ ರಾಮರಾಯನ ಸರಿತಪ್ಪಿನ ಬಗ್ಗೆ ಬರೆದರು. ಬೆಲ್ಲಾಳ ಹೆಸರು ಆಮೇಲೆ ಎಲ್ಲೂ ಬರಲಿಲ್ಲ. ಅಜ್ಜಿಯ ಊರಿನ ಹೆಸರೇನು ಎಂದು ಒಬ್ಬರೂ ಕೇಳಲಿಲ್ಲ.

ಹುಡುಗಿಗೆ ಬೇಜಾರಾಗಿದೆಯೇ ಎಂದು ಮುಂದೆ ಒಮ್ಮೆ ಕೇಳಿದೆ. “ಬೇಜಾರೇನಿಲ್ಲ ಅಣ್ಣಾ, ಮೇಷ್ಟ್ರು ಎಷ್ಟೆಲ್ಲ ತಿಳಕೊಂಡಾರ. ಆದ್ರ ನಾ ಬರ್ದಿದ್ದು ಅವ್ರಿಗೆ ಮುಟ್ಲಿಲ್ಲ ಅನಿಸ್ತು” ಎಂದಳು. ಮಾತು ದಾರಿ ತಪ್ಪಿತೆಂದು ತಿಳಿಯಲು ಇದಕ್ಕಿಂತ ನೇರವಾದ ಗುರುತು ಬೇಡ. ಅವಳು ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ, ಯಾರೂ ಕೇಳದ ಪ್ರಶ್ನೆಗೆ ಎರಡು ಪುಟ ಬಂತು.

ಗ್ರಂಥಾಲಯ ಶಾಸ್ತ್ರದಲ್ಲಿ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳು ಪ್ರಸಿದ್ಧ. 1931ರಲ್ಲಿ ಪುಸ್ತಕವಾಗಿ ಬಂದವು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ, ದಾಖಲಾತಿ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು 1962ರಲ್ಲಿ ಕಟ್ಟಿದ್ದೂ ಅಲ್ಲೇ. ಆ ಐದರಲ್ಲಿ ಎರಡನೆಯದು ಪ್ರತಿ ಓದುಗರಿಗೂ ಅವರಿಗೆ ತಕ್ಕ ಪುಸ್ತಕ ಸಿಗಬೇಕೆಂದು ಹೇಳುತ್ತದೆ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದಕ್ಕೆ ತಕ್ಕ ಓದುಗರು ಸಿಗಬೇಕೆಂದು. ಎರಡೂ ಒಂದೇ ಅನಿಸಬಹುದು. ಆದರೆ ಹೊರಡುವ ಜಾಗ ಬೇರೆ. ಒಂದು ಓದುಗರಿಂದ ಹೊರಡುತ್ತದೆ, ಇನ್ನೊಂದು ಪುಸ್ತಕದಿಂದ. ಮೇಷ್ಟ್ರು ಮಾಡಿದ್ದು ಮೂರನೆಯ ಸೂತ್ರದ ಕೆಲಸ. ತಮಗೆ ಇಷ್ಟವಾದ ಪುಸ್ತಕಕ್ಕೆ ಓದುಗರನ್ನು ಹುಡುಕಿದರು. ಗ್ರಂಥಪಾಲಕರಿಗೆ ಅದೂ ಕರ್ತವ್ಯವೇ, ಹೊಸ ಪುಸ್ತಕಗಳನ್ನು ಎದುರಿನ ಮೇಜಿನ ಮೇಲೆ ಹರಡಿಡುವುದು ಅದಕ್ಕಾಗಿಯೇ. ಆದರೆ ಒಬ್ಬರು ತಮ್ಮ ಓದಿನ ಬಗ್ಗೆ ಬರೆದ ಹಾಳೆಯ ಕೆಳಗೆ ನಡೆಯಬೇಕಾದದ್ದು ಎರಡನೆಯ ಸೂತ್ರದ ಕೆಲಸ. ಇಲ್ಲಿ ಓದುಗರು ಮೊದಲೇ ಬಂದು ಕೂತಿದ್ದಾರೆ, ತಮಗೆ ಏನು ತಟ್ಟಿತೆಂದು ಬಾಯಿಬಿಟ್ಟು ಹೇಳಿದ್ದಾರೆ. ಹುಡುಕಬೇಕಾದದ್ದು ಅವರಿಗೆ ಹೊಂದುವ ಪುಸ್ತಕವನ್ನು.

ಹಾಗಾದರೆ ಹೊಂದುವುದು ಎಂದರೇನು? ಕಪಾಟಿನಲ್ಲಿ ಪಕ್ಕಪಕ್ಕ ಕೂರುವ ಪುಸ್ತಕಗಳೆಲ್ಲ ಓದುಗರ ಮನಸ್ಸಿನಲ್ಲೂ ಪಕ್ಕಪಕ್ಕ ಕೂರುವುದಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಗ್ರಂಥಪಾಲಕಿಯಾಗಿದ್ದ ನ್ಯಾನ್ಸಿ ಪರ್ಲ್ ಇದಕ್ಕೆ ಒಂದು ಸರಳ ಲೆಕ್ಕ ಕೊಟ್ಟಿದ್ದಾರೆ. ಓದುಗರು ಪುಸ್ತಕದೊಳಗೆ ಹೋಗುವುದು ನಾಲ್ಕು ಬಾಗಿಲುಗಳಲ್ಲಿ ಒಂದರಿಂದ: ಕತೆ, ಪಾತ್ರ, ಸ್ಥಳ, ಭಾಷೆ. ಒಂದೇ ಕಾದಂಬರಿಯೊಳಗೆ ನಾಲ್ವರು ನಾಲ್ಕು ಬಾಗಿಲಿಂದ ಹೋಗುತ್ತಾರೆ. ಒಬ್ಬರು ಹೋದ ಬಾಗಿಲು ಇನ್ನೊಂದು ಪುಸ್ತಕದಲ್ಲೂ ತೆರೆದಿದ್ದರೆ ಮಾತ್ರ ಅದು ಅವರ ಪಾಲಿಗೆ ಅದೇ ತರಹದ ಪುಸ್ತಕ. ಮೇಷ್ಟ್ರು ಸ್ಥಳದ ಬಾಗಿಲಿಂದ ಹೋದವರು, ಹಂಪಿ ಅವರ ಮನಸ್ಸಿನಲ್ಲಿ ತುಂಬಿತ್ತು. ಹುಡುಗಿ ಸ್ಥಳದ ಬಾಗಿಲನ್ನು ಮೊದಲ ಸಾಲಿನಲ್ಲೇ ಮುಚ್ಚಿದ್ದಳು. ಅವಳು ಹೋದದ್ದು ಪಾತ್ರದ ಬಾಗಿಲಿಂದ.

ಅವಳ ಹಾಳೆಯನ್ನು ಎದುರಿಗಿಟ್ಟುಕೊಂಡು ಒಂದೊಂದೇ ಪುಸ್ತಕವನ್ನು ತೂಗಿ ನೋಡೋಣ. ನಮ್ಮ ಕಡೆಯ ಓದುಗರಿಗೆ ಮೊದಲು ನೆನಪಾಗುವುದು ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’. 1982ರ ಕಾದಂಬರಿ, 1985ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. ಐತಿಹಾಸಿಕ, ದೊಡ್ಡದು, ಕತೆ ನಡೆಯುವುದು ನೆರೆಯ ಚಿತ್ರದುರ್ಗದಲ್ಲಿ. ಹೊರಗಿನಿಂದ ನೋಡಿದರೆ ಎಲ್ಲ ಹೊಂದುತ್ತದೆ. ಆದರೆ ಅದರ ಕಣ್ಣು ಕೋಟೆಯೊಳಗಿನ ನಾಯಕನ ಮೇಲಿದೆ. ಒಂದು ರಾಜ್ಯ ಬೀಳುವ ದುಃಖ ಅದು. ಬೆಲ್ಲಾಳದು ಒಂದು ಮನೆ ಬೀಳುವ ದುಃಖ. ಮದಕರಿನಾಯಕನ ಕತೆ ಎಷ್ಟೇ ದೊಡ್ಡದಾದರೂ ಈ ಹುಡುಗಿಯ ಪ್ರಶ್ನೆಗೆ ಅದು ಉತ್ತರವಲ್ಲ. ಪಾಯೆಸ್‌ನ ಬರಹ ಇನ್ನೂ ದೂರ. ಅವನು ಬೀದಿ, ಬಜಾರು, ಹಬ್ಬ, ಸೈನ್ಯಗಳನ್ನು ಕಂಡು ಬರೆದವನು. ಕಾದಂಬರಿಯ ಹಂಪಿ ನಿಜವಾಗಿ ಹಾಗಿತ್ತೇ ಎಂದು ಕೇಳಿದವರಿಗೆ ಅವನನ್ನು ಕೊಡಬೇಕು. ಅವಳು ಅದನ್ನು ಕೇಳಿರಲಿಲ್ಲ.

ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಒಂದು ಹೆಜ್ಜೆ ಹತ್ತಿರ ಬರುತ್ತದೆ. 1992ರ ಪುಸ್ತಕ. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಷಿಯಾ ಕಡೆಯಿಂದ ಬಂದು ಮಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿಯ ಜಾಡು ಅದರಲ್ಲಿದೆ. ಯೆಹೂದಿಗಳು, ಸಮುದ್ರ, ನಮ್ಮ ಕರಾವಳಿ, ಮೂರೂ ಇವೆ. ಆದರೆ ಬೆನ್ ಯಿಜು ಇಲ್ಲಿಗೆ ಬಂದದ್ದು ವ್ಯಾಪಾರಕ್ಕೆ. ಮತ ಬದಲಿಸು ಇಲ್ಲವೇ ಊರು ಬಿಡು ಎಂಬ ಒತ್ತಾಯ ಆ ಕತೆಯ ಕೇಂದ್ರದಲ್ಲಿಲ್ಲ. ಅಲ್ಲದೆ ಅದು ಇಂಗ್ಲಿಷ್. ಕನ್ನಡದಲ್ಲಿ ಬರೆದ ಹಾಳೆಯ ಕೆಳಗೆ ಹೇಳುವುದಾದರೆ ಓದುವವರಿಗೆ ಇಂಗ್ಲಿಷ್ ಓದುವ ರೂಢಿ ಇದೆಯೇ ಎಂದು ಮೊದಲು ತಿಳಿದಿರಬೇಕು.

ಇನ್ನೊಂದು ಪುಸ್ತಕ ಗೋಪಾಲಕೃಷ್ಣ ಪೈ ಅವರ ‘ಸ್ವಪ್ನ ಸಾರಸ್ವತ’. 2009ರಲ್ಲಿ ಬಂದು, 2011ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಪೋರ್ಚುಗೀಸರ ಆಳ್ವಿಕೆಯ ಗೋವೆಯಿಂದ ಮತಾಂತರದ ಭಯಕ್ಕೆ ಊರು ಬಿಟ್ಟು ಕರಾವಳಿಗುಂಟ ದಕ್ಷಿಣಕ್ಕೆ ಬಂದ ಸಾರಸ್ವತ ಕುಟುಂಬಗಳ ಕತೆ. ಇಲ್ಲಿ ಎರಡು ಕಾದಂಬರಿಗಳೂ ಒಂದನ್ನೊಂದು ಮುಟ್ಟುತ್ತವೆ. ಸ್ಪೇನ್ 1492ರಲ್ಲಿ ಯೆಹೂದಿಗಳನ್ನು ಹೊರಗಟ್ಟಿತು, ಅವರಲ್ಲಿ ಅನೇಕರು ಪೋರ್ಚುಗಲ್‌ಗೆ ಬಂದರು. 1497ರಲ್ಲಿ ಅಲ್ಲೂ ಅವರನ್ನು ಬಲವಂತವಾಗಿ ಮತಾಂತರಿಸಲಾಯಿತು. ಅದೇ ಪೋರ್ಚುಗೀಸರು 1510ರಲ್ಲಿ ಗೋವೆ ಹಿಡಿದರು, 1560ರಲ್ಲಿ ಅಲ್ಲಿ ಧಾರ್ಮಿಕ ವಿಚಾರಣೆಯ ನ್ಯಾಯಾಲಯ ಕೂತಿತು. ಲಿಸ್ಬನ್ನಿನಲ್ಲಿ ಬೆಲ್ಲಾಳ ಮನೆಗೆ ಬಂದ ಪ್ರಶ್ನೆಯೇ ಕೆಲವು ದಶಕಗಳ ನಂತರ ಗೋವೆಯ ಮನೆಗಳಿಗೂ ಬಂತು. ಊರು ಬೇರೆ, ದೇವರು ಬೇರೆ; ಏನನ್ನು ಒಯ್ಯಬಹುದು, ಏನನ್ನು ಒಯ್ಯಲಾಗುವುದಿಲ್ಲ ಎಂಬ ಸಂಕಟ ಒಂದೇ. ಹುಡುಗಿ ಬರೆದ ಸಾಲಿಗೆ ನೇರವಾಗಿ ಹೊಂದುವ ಪುಸ್ತಕ ಇದು. ಹಂಪಿ ಇದರ ಕೇಂದ್ರವಲ್ಲ ಎಂಬುದು ಇಲ್ಲಿ ಕೊರತೆಯೇ ಅಲ್ಲ.

ಇನ್ನೂ ಒಂದು ಇದೆ, ನಾ. ಡಿಸೋಜರ ‘ದ್ವೀಪ’. ಶರಾವತಿಯ ಅಣೆಕಟ್ಟಿನ ಹಿನ್ನೀರು ಏರುವಾಗ ಮನೆ ಬಿಡಲಾಗದೆ ಉಳಿದ ಕುಟುಂಬದ ಕತೆ. ಗಿರೀಶ ಕಾಸರವಳ್ಳಿಯವರು ಅದನ್ನು 2002ರಲ್ಲಿ ಸಿನಿಮಾ ಮಾಡಿದರು. ಅಜ್ಜಿಯ ಊರು ನೀರಿನಡಿ ಹೋಯಿತೆಂದು ಬರೆದವಳಿಗೆ ಇದಕ್ಕಿಂತ ಹತ್ತಿರದ್ದು ಯಾವುದು? ಆದರೂ ನಾನು ಅದನ್ನು ಆ ಹಾಳೆಯ ಕೆಳಗೆ ಬರೆಯಲಾರೆ. ಅಜ್ಜಿಯ ಮಾತು ಅವಳ ಬರಹದ ತುದಿಯಲ್ಲಿ ಬಂದದ್ದು, ಮನೆಯ ಮಾತು. ‘ದ್ವೀಪ’ದ ಹೆಸರು ಅಲ್ಲಿ ಬಿದ್ದರೆ ಅಣೆಕಟ್ಟು, ಪರಿಹಾರದ ದುಡ್ಡು, ಮುಳುಗಿದ ಊರುಗಳ ಲೆಕ್ಕ ಶುರುವಾಗುತ್ತದೆ. ತುಂಗಭದ್ರಾ ಜಲಾಶಯ 1953ರಿಂದ ನಮ್ಮ ಸೀಮೆಯ ಬದುಕಿನ ಭಾಗ. ಅದರ ನೀರು ಉಂಡವರೂ ಇದ್ದಾರೆ, ಅದಕ್ಕೆ ಮನೆ ಕೊಟ್ಟವರೂ ಇದ್ದಾರೆ, ಮಾತು ಎತ್ತಿದರೆ ನಿಲ್ಲುವುದಿಲ್ಲ. ಆಗ ಕಾದಂಬರಿಯೂ ಹೋಗುತ್ತದೆ, ಅವಳ ಅಜ್ಜಿಯೂ ಹೋಗುತ್ತಾಳೆ. ಇಂಥ ಪುಸ್ತಕವನ್ನು ಎದುರು ಸಿಕ್ಕಾಗ, ಅಜ್ಜಿಯ ಬಗ್ಗೆ ನಾಲ್ಕು ಮಾತು ಕೇಳಿದ ಮೇಲೆ, ಅವಳೊಬ್ಬಳಿಗೇ ಹೇಳಬೇಕು. ಬರಹದಲ್ಲಿ ಎಲ್ಲರಿಗಾಗಿ ಇಟ್ಟ ಮಾತಿಗೆ ಎಲ್ಲರೆದುರು ಉತ್ತರ, ಮನೆಯ ಮಾತಿಗೆ ಮನೆಯವರ ಹಾಗೆ ಉತ್ತರ.

ಪುಸ್ತಕ ಗೊತ್ತಾಯಿತು. ಈಗ ಬರೆಯುವುದು ಹೇಗೆ? ನನ್ನ ಲೆಕ್ಕದಲ್ಲಿ ಮೂರು ಸಾಲು ಸಾಕು, ಮೂರಕ್ಕೂ ಬೇರೆ ಬೇರೆ ಕೆಲಸವಿದೆ.

ಮೊದಲ ಸಾಲು ಅವರ ಪುಸ್ತಕದ ಬಗ್ಗೆ, ಅವರ ಮಾತಿನ ಬಗ್ಗೆ. ‘ಬೆಲ್ಲಾಳ ಮನೆಯವರು ಏನನ್ನು ಒಯ್ಯಬಹುದು ಎಂದು ನೀನು ಕೇಳಿದ್ದು ನನ್ನನ್ನೂ ಹಿಡಿಯಿತು, ಲಿಸ್ಬನ್ನಿನ ಭಾಗವನ್ನು ಮತ್ತೆ ಓದಿದೆ.’ ಇದು ಬರೀ ಮರ್ಯಾದೆಯ ಮಾತಾಗಬಾರದು. ‘ಚೆನ್ನಾಗಿ ಬರೆದಿದ್ದೀಯ’ ಎಂದು ಹೇಳಿ ಮುಂದೆ ಹೋದರೆ ಬರೆದವರಿಗೆ ತಕ್ಷಣ ಗೊತ್ತಾಗುತ್ತದೆ. ಅವರು ಹೇಳಿದ ಒಂದು ನಿರ್ದಿಷ್ಟ ಮಾತನ್ನು ಹೆಸರಿಸಿದರೆ ಮಾತ್ರ ಓದಿದ್ದೇವೆ ಎಂಬುದಕ್ಕೆ ಸಾಕ್ಷಿ.

ಎರಡನೆಯದು ಪುಸ್ತಕದ ಹೆಸರು, ಜೊತೆಗೆ ಯಾವ ವಿಷಯದಲ್ಲಿ ಹೊಂದುತ್ತದೆ, ಯಾವುದರಲ್ಲಿ ಹೊಂದುವುದಿಲ್ಲ. ‘ಅದೇ ಸಂಕಟ ಗೋವೆಯ ಕುಟುಂಬಗಳಿಗೆ ಬಂದದ್ದನ್ನು “ಸ್ವಪ್ನ ಸಾರಸ್ವತ” ಹೇಳುತ್ತದೆ, ಆದರೆ ಅದು ತಲೆಮಾರುಗಳ ಕತೆ, ಹೆಸರುಗಳು ತುಂಬ, ನಿಧಾನವಾಗಿ ಓದಬೇಕು.’ ಹೊಂದದೇ ಇರುವುದನ್ನು ಹೇಳುವುದು ಹೊಂದುವುದನ್ನು ಹೇಳಿದಷ್ಟೇ ಮುಖ್ಯ. ಬೆಲ್ಲಾ ಗೇಬ್ರಿಯಲ್‌ರ ಹಾಗೆ ಇಬ್ಬರ ಬೆನ್ನು ಹತ್ತಿ ಓಡುವ ಕತೆ ಸಿಗುತ್ತದೆಂದು ಕಾದು ಕೂತವರು, ನೂರು ಪುಟ ಓದಿದರೂ ಅದು ಸಿಗದಿದ್ದರೆ ಪುಸ್ತಕ ಮುಚ್ಚಿಡುತ್ತಾರೆ. ಆ ತಪ್ಪು ಪುಸ್ತಕದ್ದಲ್ಲ, ಹೇಳಿದವರದ್ದು. ಕತೆಯ ತಿರುವನ್ನು ಮಾತ್ರ ಬಿಟ್ಟುಕೊಡಬಾರದು. ಎರಡು ಪುಸ್ತಕಗಳ ಕೊನೆಯನ್ನು ಹೋಲಿಸಿ ಬರೆದರೆ ಒಂದೇ ಸಾಲಿನಲ್ಲಿ ಎರಡನ್ನೂ ಕೆಡಿಸಿದ ಹಾಗೆ, ಯಾಕೆಂದರೆ ಆ ಹಾಳೆಯನ್ನು ಓದುವವರಲ್ಲಿ ಮೊದಲ ಪುಸ್ತಕ ಇನ್ನೂ ಕೈಗೆ ಸಿಗದವರೂ ಇರುತ್ತಾರೆ.

ಮೂರನೆಯದು, ಪುಸ್ತಕ ಎಲ್ಲಿ ಸಿಗುತ್ತದೆ ಎಂದು. ‘ಪ್ರತಿ ನನ್ನ ಹತ್ತಿರ ಇದೆ, ಬೇಕಾದಾಗ ಕೇಳು.’ ದೊಡ್ಡ ಊರಿನವರಿಗೆ ಇದು ಸಣ್ಣ ಮಾತಿರಬಹುದು. ಒಂದು ಪ್ರತಿ ತರಿಸಲು ವಾರ ಹಿಡಿಯುವ ನಮ್ಮಂಥ ಊರಲ್ಲಿ ಸಿಗದ ಪುಸ್ತಕವನ್ನು ಹೊಗಳುವುದು ಹಸಿದವರೆದುರು ಮದುವೆ ಊಟದ ವರ್ಣನೆ ಮಾಡಿದ ಹಾಗೆ. ಅಲ್ಲದೆ ‘ಬೇಕಾದಾಗ ಕೇಳು’ ಎಂಬಲ್ಲಿಗೆ ನಮ್ಮ ಮಾತು ಮುಗಿಯುತ್ತದೆ. ಮುಂದಿನ ಹೆಜ್ಜೆ ಅವರದ್ದು.

ಒಂದೇ ಪುಸ್ತಕ ಏಕೆ ಎಂದು ಕೇಳಬಹುದು. ಐದು ಹೇಳಿದರೆ ಒಂದಾದರೂ ತಾಗೀತು ಎಂಬುದು ಸಾಮಾನ್ಯ ನಂಬಿಕೆ. ಆದರೆ ಐದು ಹೆಸರಿನ ಪಟ್ಟಿ ನೋಡಿದವರಿಗೆ ಕಾಣುವುದು ಹೇಳಿದವರ ಓದಿನ ವಿಸ್ತಾರ, ತಮಗೆ ಹೊಂದುವ ಪುಸ್ತಕವಲ್ಲ. ಆರಿಸುವ ಕೆಲಸವನ್ನು ನಾವು ಮಾಡದೆ ಅವರ ತಲೆಗೆ ಕಟ್ಟಿದ ಹಾಗಾಗುತ್ತದೆ. ಮತ್ತೆ, ಐದು ಹೆಸರಿದ್ದಲ್ಲಿ ಆರನೆಯದು ಸೇರಿಸಲು ಎಲ್ಲರಿಗೂ ಆಸೆ. ನಾಲ್ಕು ಜನ ಬರೆಯುವಷ್ಟರಲ್ಲಿ ಆ ಹಾಳೆ ಪುಸ್ತಕದ ಅಂಗಡಿಯ ಪಟ್ಟಿಯಾಗಿರುತ್ತದೆ.

ಬರೆದವರಿಗೆ ಆ ಪುಸ್ತಕ ಇಷ್ಟವಾಗದಿದ್ದಾಗ ಇನ್ನೂ ನಾಜೂಕು ಬೇಕು. ಅದೇ ನೋಟ್‌ಬುಕ್ಕಿನಲ್ಲಿ ಲಾರಿ ಓಡಿಸುವವರೊಬ್ಬರು ಇದೇ ಕಾದಂಬರಿ ಅರ್ಧಕ್ಕೆ ಬಿಟ್ಟೆ ಎಂದು ಬರೆದಿದ್ದರು, ಸಮುದ್ರದ ಭಾಗ ಉದ್ದವಾಯಿತೆಂದು. ಅದರ ಕೆಳಗೆ ‘ಇದಕ್ಕಿಂತ ಒಳ್ಳೆಯದು ಇನ್ನೊಂದಿದೆ’ ಎಂದರೆ ಮೊದಲ ಪುಸ್ತಕ ಕೆಟ್ಟದ್ದೆಂಬ ತೀರ್ಪಿಗೆ ನಮ್ಮ ರುಜು ಹಾಕಿದ ಹಾಗೆ. ‘ನಿಮಗೆ ಅರ್ಥವಾಗಲಿಲ್ಲ, ಇದನ್ನು ಓದಿ ಮತ್ತೆ ಓದಿ’ ಎಂದರೆ ಓದುಗರನ್ನು ಶಾಲೆಗೆ ಕೂರಿಸಿದ ಹಾಗೆ. ಅವರು ಹೇಳಿದ್ದು ವೇಗದ ಬಗ್ಗೆ. ಉತ್ತರವೂ ವೇಗದ ಬಗ್ಗೆಯೇ ಇರಬೇಕು: ಹೆಚ್ಚು ಊರು ಸುತ್ತದ, ಹೊತ್ತು ಹೋದದ್ದೇ ತಿಳಿಯದಂತೆ ಓದಿಸಿಕೊಳ್ಳುವ, ಒಂದೆರಡು ರಾತ್ರಿಯಲ್ಲಿ ಮುಗಿಯುವ ಪುಸ್ತಕ. ‘ರಾಕ್ಷಸ ತಂಗಡಿ’ಯ ಹೆಸರು ಹೇಳಲು ಸರಿಯಾದ ಜಾಗ ಇದು. ನಾಟಕವಾದ್ದರಿಂದ ಮಾತೇ ಕತೆಯನ್ನು ಮುಂದಕ್ಕೆ ಎಳೆಯುತ್ತದೆ, ನಮ್ಮ ಹಂಪಿಯೂ ಅದರಲ್ಲಿದೆ. ಮೇಷ್ಟ್ರು ಹೇಳಿದ ಪುಸ್ತಕ ತಪ್ಪಾಗಿರಲಿಲ್ಲ, ಅದಕ್ಕೆ ಬೇರೊಬ್ಬ ಓದುಗರು ಅದೇ ನೋಟ್‌ಬುಕ್ಕಿನಲ್ಲಿದ್ದರು.

ಹೇಳಬೇಕಾದ್ದು ಮೂರು ಸಾಲಿಗಿಂತ ಹೆಚ್ಚು ಇದ್ದರೆ? ಇರುತ್ತದೆ, ಇರಬೇಕು ಕೂಡ. ಪಾಯೆಸ್‌ನ ಬಗ್ಗೆ ಮೇಷ್ಟ್ರಿಗೆ ಎರಡು ಪುಟ ಬರೆಯುವಷ್ಟು ಗೊತ್ತಿದೆ ಎಂಬುದು ಊರಿನ ಭಾಗ್ಯ. ಅವರಿಗೆ ಬೇಕಾದದ್ದು ಬೇರೆ ಹಾಳೆ. ಒಂದು ಸಂಜೆ ಪಂಚಾಯ್ತಿ ಕಟ್ಟೆಯ ಹತ್ತಿರ ಅವರಿಗೆ ಹಾಗೆಯೇ ಹೇಳಿದೆ: “ಸರ್, ಪಾಯೆಸ್‌ಗೊಂದು ಹೊಸ ಹಾಳಿ ತೆಗೀರಿ, ಮೇಲೆ ಅವನ ಹೆಸರು ಬರೀರಿ. ನಾವೆಲ್ಲ ಅಲ್ಲೇ ಬರ್ತೀವಿ.” ಅವರು ಸ್ವಲ್ಪ ಯೋಚಿಸಿ, “ಅದೂ ಖರೇನೇ. ಆ ಹುಡುಗಿ ಅಜ್ಜಿದು ಯಾವ ಊರಂತೆ?” ಎಂದರು. ಹೊಸ ಹಾಳೆಯಲ್ಲಿ ಅವರು ಬರೆದದ್ದು ಮೊದಲಿನದಕ್ಕಿಂತ ಚೆನ್ನಾಗಿತ್ತು, ಏಕೆಂದರೆ ಈಗ ಕಾದಂಬರಿಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಳ್ಳುವ ಗಡಿಬಿಡಿ ಇರಲಿಲ್ಲ.

ಹೇಳಿದ ಮೇಲೆ ಕಾಯುವುದೂ ಈ ಕೆಲಸದ ಭಾಗ. ‘ಓದಿದಿಯಾ? ಎಲ್ಲಿಗೆ ಬಂತು?’ ಎಂದು ಸಿಕ್ಕಾಗಲೆಲ್ಲ ಕೇಳಿದರೆ ಪುಸ್ತಕ ಸಾಲವಾಗುತ್ತದೆ. ಅವರು ಓದದೇ ಇರಬಹುದು. ಓದಿ ಇಷ್ಟಪಡದೇ ಇರಬಹುದು. ಆ ಹಾಳೆಯಲ್ಲಿ ನಮ್ಮ ಸಾಲುಗಳ ಕೆಳಗೆ ಬಂದ ಮಾತುಗಳನ್ನು ನೋಡಿದರೆ ನಾವು ಸರಿಯಾಗಿ ಹೇಳಿದೆವೋ ಇಲ್ಲವೋ ತಿಳಿಯುತ್ತದೆ. ಮುಂದೆ ಬರೆದವರು ಮೇಲಿನ ಪುಸ್ತಕದ ಬಗ್ಗೆಯೇ ಬರೆದಿದ್ದರೆ ಸರಿಯಾಗಿದೆ. ನಾವು ಹೇಳಿದ ಪುಸ್ತಕದ ಬಗ್ಗೆ ವಾದ ಶುರುವಾಗಿದ್ದರೆ ನಮ್ಮ ಸಾಲು ಎಲ್ಲೋ ಉದ್ದವಾಗಿದೆ.

‘ಸ್ವಪ್ನ ಸಾರಸ್ವತ’ವನ್ನು ನಾನು ಆ ಹುಡುಗಿಗೆ ಹೀಗೆಯೇ ಮೂರು ಸಾಲಿನಲ್ಲಿ ಹೇಳಿದೆ. ಹಿಂದಿನ ಹಾಳೆ ತುಂಬಿದ್ದರಿಂದ ಅದಕ್ಕೊಂದು ಚೀಟಿ ಅಂಟಿಸಿದೆ. ಆಮೇಲೆ ಆ ಚೀಟಿಯ ಪಕ್ಕದಲ್ಲಿ ಒಬ್ಬರು ಬೆಲ್ಲಾಳ ಬಗ್ಗೆ ಬರೆದರು, ಇನ್ನೊಬ್ಬರು ಹಂಪಮ್ಮನ ಬಗ್ಗೆ. ಹುಡುಗಿ ಪುಸ್ತಕ ಒಯ್ದು, ಬಹಳ ದಿನ ಇಟ್ಟುಕೊಂಡು, ಓದಿ ಮುಗಿಸಿ, ಅದರ ಬಗ್ಗೆ ಹೊಸ ಹಾಳೆಯಲ್ಲಿ ಬರೆದಳು. ನಾನು ಹೇಳಿದ್ದಕ್ಕಿಂತ ಬೇರೆಯದೇ ಕಾರಣಕ್ಕೆ ಅವಳಿಗೆ ಅದು ಇಷ್ಟವಾಗಿತ್ತು: ಅಲ್ಲಿನ ಮುದುಕರು ಮಾತಾಡುವ ರೀತಿಗೆ. ಈಗ ಅದರ ಕೆಳಗೆ ನಾವು ಅವಳಿಗೆ ಉತ್ತರ ಬರೆಯಬೇಕು. ಒಂದು ಪುಸ್ತಕ ಇನ್ನೊಂದರ ಹಾಳೆಯಲ್ಲಿ ಜಾಗ ಕಸಿಯದೆ ತನ್ನದೇ ಹಾಳೆ ಪಡೆದರೆ, ಹೇಳಿದವರ ಕೆಲಸ ಅಲ್ಲಿಗೆ ಪೂರ್ತಿಯಾಯಿತು.